‘ನೀನು’ ಅಳಿಸಿ ‘ಅವನು’ ಬರೆದವರಿಗೆ

ಬೆಳಿಗ್ಗೆಯಿಂದ ಯಾವ ಕೆಲಸಕ್ಕೂ ಮನಸ್ಸಿಲ್ಲ. ಬರೆದುಬಿಟ್ಟರೆ ಸ್ವಲ್ಪ ಸಮಾಧಾನ ಆಗಬಹುದು.

ಗೆಳತಿಯೊಬ್ಬಳ ಕಥೆ ಸಂಪಾದಕರ ಕೈಯಿಂದ ವಾಪಸ್ ಬಂದಿದೆ. ಹದಿನಾಲ್ಕು ಪುಟ. ಮೊದಲಿನಿಂದ ಕೊನೆಯವರೆಗೆ ‘ನೀನು’ ಎಂದೇ ಸಾಗುವ ಕಥೆ. ಅಷ್ಟೂ ‘ನೀನು’ಗಳನ್ನು ಹೊಡೆದುಹಾಕಿ ‘ಅವನು’ ಮಾಡಿದ್ದಾರೆ. ಅಂಚಿನಲ್ಲಿ ಒಂದು ಸಾಲು: “ಓದುಗನಿಗೆ ಗೊಂದಲ. ಈ ‘ನೀನು’ ಯಾರು?”

ಓದುತ್ತಿರುವವರೇ ಅಲ್ಲವೇ! ಆ ಪ್ರಶ್ನೆ ಎದ್ದ ಕ್ಷಣದಲ್ಲೇ ಕಥೆ ಅವರನ್ನು ಹಿಡಿದುಕೊಂಡಿತ್ತು. ಹಿಡಿದ ಕೈಯನ್ನು ಕೊಡವಿಕೊಂಡು ಅದಕ್ಕೆ ತಿದ್ದುಪಡಿ ಎಂದು ಹೆಸರಿಟ್ಟಿದ್ದಾರೆ.

ಅವಳ ಮೊದಲ ಪುಟದಲ್ಲಿ ಹೀಗಿತ್ತು: “ಬಾಗಿಲು ತಳ್ಳುತ್ತೀಯ. ಒಳಗೆ ಕತ್ತಲು. ಎಡಗೈ ಗೋಡೆ ಹುಡುಕುತ್ತದೆ, ಗೋಡೆ ಒದ್ದೆ. ಒಳಗೆ ಯಾರದೋ ಉಸಿರು ಕೇಳಿಸುತ್ತದೆ. ನೀನು ಒಂದು ಹೆಜ್ಜೆ ಇಟ್ಟ ಕೂಡಲೇ ಆ ಉಸಿರು ನಿಲ್ಲುತ್ತದೆ.” ಈಗ ಇದನ್ನೇ “ಅವನು ಒಂದು ಹೆಜ್ಜೆ ಇಟ್ಟ ಕೂಡಲೇ” ಎಂದು ಓದಿ ನೋಡಿ. ಉಸಿರು ಈಗಲೂ ನಿಲ್ಲುತ್ತದೆ, ಆದರೆ ಅವನಿಗೋಸ್ಕರ ನಿಲ್ಲುತ್ತದೆ. ನಾವು ಹೊರಗೆ ನಿಂತು ನೋಡುವವರಾಗುತ್ತೇವೆ.

ಇಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ‘ನಿನಗೆ ಭಯವಾಗುತ್ತದೆ’ ಎಂದು ಅವಳು ಎಲ್ಲೂ ಬರೆದಿಲ್ಲ. ಕೈ, ಗೋಡೆ, ಹೆಜ್ಜೆ, ಅಷ್ಟೇ ಕೊಟ್ಟಿದ್ದಾಳೆ. ಕೈ ಎಲ್ಲರಿಗೂ ಇದೆ, ಆದ್ದರಿಂದ ಯಾರೂ ಜಗಳಕ್ಕೆ ಬರುವುದಿಲ್ಲ. ಭಯವನ್ನು ನಾವೇ ತಂದು ಆ ಖಾಲಿ ಜಾಗದಲ್ಲಿ ಇಡುತ್ತೇವೆ. ‘ನೀನು’ ಎಂಬ ಪದ ಎಳೆದುಕೊಳ್ಳುವುದು ಹೀಗೆ. ಮೊದಲು ಮೈ ಒಳಗೆ ಹೋಗಬೇಕು, ಮನಸ್ಸು ಆಮೇಲೆ.

ಮಿಶೆಲ್ ಬ್ಯುತೋರ್ 1957ರಲ್ಲಿ ಫ್ರೆಂಚ್‌ನಲ್ಲಿ ಇದನ್ನೇ ಒಂದಿಡೀ ಕಾದಂಬರಿಯ ಉದ್ದಕ್ಕೂ ಮಾಡಿದ. ಪ್ಯಾರಿಸ್‌ನಿಂದ ರೋಮ್‌ಗೆ ರೈಲಿನಲ್ಲಿ ಹೊರಟ ಗಂಡಸು. ಹೆಂಡತಿಯನ್ನು ಬಿಟ್ಟು ರೋಮ್‌ನಲ್ಲಿರುವ ಪ್ರೇಯಸಿಯ ಜೊತೆ ಇರಬೇಕೆಂದುಕೊಂಡಿದ್ದಾನೆ. ಆದರೆ ಕಾದಂಬರಿ ಶುರುವಾಗುವುದು ಹೆಂಡತಿಯಿಂದಲೂ ಅಲ್ಲ, ಪ್ರೇಯಸಿಯಿಂದಲೂ ಅಲ್ಲ. ಬೋಗಿಯ ಬಾಗಿಲು ಸರಿಯುವ ಹಿತ್ತಾಳೆ ತೋಡಿನ ಮೇಲೆ ನಿಮ್ಮ ಎಡಗಾಲು, ಸರಿಯುವ ಬಾಗಿಲನ್ನು ಇನ್ನಷ್ಟು ತಳ್ಳಲು ಹೆಣಗುತ್ತಿರುವ ನಿಮ್ಮ ಬಲಭುಜ. ಒಂದು ಕಾಲು, ಒಂದು ಭುಜ. ಅಷ್ಟನ್ನು ಒಪ್ಪಿಕೊಂಡು ಒಳಗೆ ಕೂತ ಓದುಗರ ಮೇಲೆ ಆಮೇಲೆ ಆ ಮದುವೆ, ಆ ದ್ರೋಹ, ಆ ಹಿಂಜರಿಕೆ ಎಲ್ಲವನ್ನೂ ನಿಧಾನವಾಗಿ ಹೇರುತ್ತಾನೆ. ಅವನ ಹೆಸರು ನಮಗೆ ತಿಳಿಯುವುದು ಎಷ್ಟೋ ಪುಟಗಳಾದ ಮೇಲೆ. ಆ ಹೊತ್ತಿಗೆ ಇಳಿದು ಹೋಗಲು ಆಗುವುದಿಲ್ಲ.

“ನಾನು ಮಾಡದೇ ಇದ್ದದ್ದನ್ನು ಮಾಡಿದೆ ಅಂತ ಇವರು ಯಾರು ಹೇಳೋದಕ್ಕೆ?” ಎಂದು ಕೇಳುವವರಿದ್ದಾರೆ. ಕೇಳಲಿ. ‘ನೀನು’ ಎಂದ ತಕ್ಷಣ ಕೆಲವರಿಗೆ ಯಾರೋ ಅಪ್ಪಣೆ ಕೊಟ್ಟ ಹಾಗಾಗುತ್ತದೆ, ನಿಜ. ಆದರೆ ಅದು ಪದದ ತಪ್ಪಲ್ಲ, ಪದಕ್ಕೆ ಏನನ್ನು ಹೊರಿಸಿದ್ದೀರಿ ಎಂಬುದರ ತಪ್ಪು. ನನಗೆ ಇದು ಚೆನ್ನಾಗಿ ಗೊತ್ತು, ಯಾಕೆಂದರೆ ನಾನೇ ಈ ತಪ್ಪು ಮಾಡಿದ್ದೇನೆ. ವರ್ಷಗಳ ಹಿಂದೆ ಬರೆದ ಒಂದು ನೀಳ್ಗತೆಯ ಮೊದಲ ಸಾಲೇ “ಅಪ್ಪನ ಸಾವಿಗೆ ನೀನೇ ಕಾರಣ” ಎಂದಿತ್ತು. ಓದಲು ಕೊಟ್ಟ ಸ್ನೇಹಿತ ಆಗಷ್ಟೇ ತಂದೆಯನ್ನು ಕಳೆದುಕೊಂಡಿದ್ದ. ಎರಡನೇ ಸಾಲಿಗೂ ಹೋಗದೆ ಹಾಳೆಗಳನ್ನು ಮಡಚಿ ನನ್ನ ಕೈಗಿಟ್ಟ. ಅದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಗುರುತಿಲ್ಲದವರ ಮೇಲೆ ಮೊದಲ ಸಾಲಿನಲ್ಲೇ ಅಷ್ಟು ದೊಡ್ಡ ಭೂತಕಾಲ ಹೇರಬಾರದು. ಆದರೆ ನಾನು ಎಡವಿದೆ ಎಂದು ಅವಳ ದಾರಿ ಮುಚ್ಚುವುದು ಯಾವ ನ್ಯಾಯ?

ಆಟದ ಪುಸ್ತಕಗಳನ್ನು ಬರೆದವರು ಇದನ್ನು ಬೇಗ ಅರಿತುಕೊಂಡರು. ಎಡ್ವರ್ಡ್ ಪ್ಯಾಕರ್ಡ್ ಎಂಬ ವಕೀಲ ಮಲಗುವ ಹೊತ್ತಿಗೆ ಹೆಣ್ಣುಮಕ್ಕಳಿಗೆ ಕಥೆ ಹೇಳುವಾಗ, ಮುಂದೇನು ಎಂದು ತೋಚದೆ ಅವರನ್ನೇ ಕೇಳಿದನಂತೆ: ನೀವಾದರೆ ಏನು ಮಾಡುತ್ತಿದ್ದಿರಿ? ಪುಟಪುಟಕ್ಕೂ ಓದುಗರೇ ದಾರಿ ಆರಿಸಿಕೊಳ್ಳುವ ಪುಸ್ತಕಗಳು ಹುಟ್ಟಿದ್ದು ಆ ಪ್ರಶ್ನೆಯಿಂದ. 1982ರಲ್ಲಿ ಸ್ಟೀವ್ ಜಾಕ್ಸನ್ ಮತ್ತು ಇಯಾನ್ ಲಿವಿಂಗ್‌ಸ್ಟನ್ ಬರೆದ ಬೆಟ್ಟದ ಮಾಂತ್ರಿಕನ ಪುಸ್ತಕದಲ್ಲಿ 400 ತುಣುಕುಗಳಿದ್ದವು. ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಓದಲು ಕೂರುವ ಮೊದಲೇ ದಾಳ ಉರುಳಿಸಿ, ಬಂದದ್ದಕ್ಕೆ ಆರು ಸೇರಿಸಿ ನಿಮ್ಮ ಕೌಶಲ ಎಷ್ಟೆಂದು ಪೆನ್ಸಿಲಿನಲ್ಲಿ ಬರೆದುಕೊಳ್ಳಬೇಕು. ನಾಯಕನಿಗೆ ಹೆಸರಿಲ್ಲ. ಅವನ ಬದಲು ನಿಮ್ಮ ಕೈಬರಹದ ಮೂರು ಅಂಕಿಗಳಿವೆ: ಕೌಶಲ, ಕಸುವು, ಅದೃಷ್ಟ.

ಇಂಥ ಪುಸ್ತಕ ಓದುವಾಗ ಹಿಂದಿನ ಪುಟದಲ್ಲಿ ಬೆರಳಿಟ್ಟುಕೊಂಡೇ ಮುಂದಿನ ಪುಟ ತಿರುವುತ್ತಿದ್ದೆ. ಸತ್ತರೆ ವಾಪಸ್ ಬರಬೇಕಲ್ಲ! ಒಮ್ಮೊಮ್ಮೆ ಮೂರು ಬೆರಳು ಮೂರು ಪುಟದಲ್ಲಿ. ‘ಅವನು ಸತ್ತ’ ಎಂಬ ಕಥೆಗೆ ಯಾರಾದರೂ ಹೀಗೆ ಬೆರಳಿಟ್ಟು ಕೂರುತ್ತಾರಾ? ಅವನು ಸತ್ತರೆ ಮರುಗುತ್ತೇವೆ. ‘ನೀನು ಸತ್ತೆ’ ಎಂದರೆ ಇಲ್ಲ, ನಾನು ಒಪ್ಪುವುದಿಲ್ಲ, ಎಡಕ್ಕೆ ತಿರುಗಬೇಕಿತ್ತು ಎನ್ನುತ್ತೇವೆ. ಆ ಜಗಳವಾಡುವವರು ಕಥೆಯ ಒಳಗಿದ್ದಾರೆ.

ಮತ್ತೆ ಸಂಪಾದಕರ ‘ಅವನು’ಗೆ ಬರುತ್ತೇನೆ. ನನಗೆ ಅತಿ ಹೆಚ್ಚು ಸಿಟ್ಟು ಬಂದಿರುವುದು ಇಲ್ಲಿ. ಕನ್ನಡದಲ್ಲಿ ‘ಅವನು ಬಂದ’ ಎಂದರೆ ಗಂಡು, ‘ಅವಳು ಬಂದಳು’ ಎಂದರೆ ಹೆಣ್ಣು. ಕ್ರಿಯಾಪದವೇ ಲಿಂಗ ಹೇಳಿಬಿಡುತ್ತದೆ. ‘ನೀನು ಬಂದೆ’ಯಲ್ಲಿ ಮಾತ್ರ ಅದು ಸುಮ್ಮನಿರುತ್ತದೆ, ಯಾರು ಬೇಕಾದರೂ ಆಗಬಹುದು. ಗೆಳತಿ ಹದಿನಾಲ್ಕು ಪುಟವೂ ಆ ಪಾತ್ರ ಗಂಡೋ ಹೆಣ್ಣೋ ಹೇಳದೆ ಕಾಪಾಡಿಕೊಂಡು ಬಂದಿದ್ದಳು. ಒಂದು ತಿದ್ದುಪಡಿಯಲ್ಲಿ ಅದು ಗಂಡಸಾಯಿತು. ‘ಅವನು’ ಎಂದು ಮಾಡಬಹುದೇ ಎಂದು ಅವಳನ್ನು ಕೇಳುವ ಸೌಜನ್ಯವನ್ನೂ ತೋರಿಸಲಿಲ್ಲ.

‘ನೀವು’ ಎಂದಾದರೂ ಮಾಡು ಎಂದು ಇನ್ನೊಬ್ಬರು ಅವಳಿಗೆ ಸಲಹೆ ಕೊಟ್ಟಿದ್ದಾರಂತೆ, ಗೌರವ ಇರಲಿ ಎಂದು. ಬೇಡ. ಬ್ಯುತೋರನ ಫ್ರೆಂಚ್‌ನಲ್ಲಿ ಇರುವುದು ನಮ್ಮ ‘ನೀವು’ಗೆ ಹತ್ತಿರದ ಪದವೇ, ಆ ಗಂಡಸನ್ನು ಸ್ವಲ್ಪ ದೂರದಲ್ಲಿಟ್ಟು ವಿಚಾರಿಸುವ ಕಥೆಗೆ ಅದು ಸರಿ. ಇವಳ ಕತ್ತಲೆ ಕೋಣೆಗೆ ಅದು ಹೊಂದುವುದಿಲ್ಲ. ‘ನೀವು’ ಎಂದರೆ ಒಬ್ಬರೋ ಹತ್ತು ಜನವೋ ತಿಳಿಯದು, ಮತ್ತು ಕೋಣೆಯೊಳಗೆ ಹತ್ತು ಜನ ಇದ್ದರೆ ಯಾರಿಗೂ ಭಯವಿಲ್ಲ.

ಕಥೆಯುದ್ದಕ್ಕೂ ವರ್ತಮಾನವನ್ನೇ ಬಳಸಿ, ಕೊನೆಯ ಸಾಲಿಗೆ ಅವಳು ಭೂತಕಾಲಕ್ಕೆ ಹೊರಳಿದ್ದಾಳೆ: “ಬಾಗಿಲು ತೆರೆದೆ.” ಕನ್ನಡದಲ್ಲಿ ಇದನ್ನು ಹೀಗೆ ಬರೆಯಲು ಸಾಧ್ಯ. “ಯಾವಾಗ ಬಂದೆ?” ಎಂದು ಕೇಳಿದರೆ “ನಿನ್ನೆ ಬಂದೆ” ಎನ್ನುತ್ತೇವಲ್ಲ, ಎರಡೂ ಕಡೆ ಅದೇ ‘ಬಂದೆ’. ಸರ್ವನಾಮ ಬಿಟ್ಟರೆ ‘ನಾನು’ ಎಲ್ಲಿ ಮುಗಿಯಿತು, ‘ನೀನು’ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದು. ಬಾಗಿಲು ತೆರೆದದ್ದು ಯಾರು? ಕಥೆ ಹೇಳಿದವಳೋ, ಓದಿದವರೋ? ಸಂಪಾದಕರು ಅದನ್ನೂ ಬಿಟ್ಟಿಲ್ಲ. “ಅವನು ಬಾಗಿಲು ತೆರೆದನು.”

ಸಂಜೆ ಫೋನ್ ಮಾಡಿದ್ದಳು. ಎಲ್ಲಾ ‘ನೀನು’ಗಳನ್ನೂ ವಾಪಸ್ ಹಾಕುತ್ತಾ ಕೊನೆಯ ಪುಟಕ್ಕೆ ಬಂದಿದ್ದಳು. “ಇಲ್ಲಿ ಬೇಕಿದ್ದರೆ ‘ನೀನು’ ಅಂತ ಸೇರಿಸಿ ಸ್ಪಷ್ಟ ಮಾಡಲಾ?” ಎಂದು ಕೇಳಿದಳು.

ಬೇಡವೇ ಬೇಡ ಮಾರಾಯ್ತಿ, ಹಾಗೇ ಬಿಡು ಅಂದೆ.