ಊಟದ ಹಾಲ್‌ಗೆ ಒಂದೇ ಬಾಗಿಲು ಇಟ್ಟೋರ್ ಯಾರಪ್ಪಾ

ಬೆಂಗಳೂರಿನ ಎಷ್ಟೋ ಕಲ್ಯಾಣ ಮಂಟಪಗಳಲ್ಲಿ ಇದೇ ಗೋಳು. ಮೇಲೆ 800 ಜನ ಕೂರ್ತಾರೆ, ಕೆಳಗೆ ಬೇಸ್‌ಮೆಂಟಲ್ಲಿ ಎಲೆ ಹಾಕೋದು 200, ಒಂದು ಪಂಕ್ತಿ ಉಂಡೆದ್ದು ಟೇಬಲ್ ಒರೆಸಿ ಮತ್ತೆ ಎಲೆ ಹಾಕೋಕೆ 40 ನಿಮಿಷ ಅಂದ್ರೂ ಕೊನೇ ಪಂಕ್ತಿಯೋರು ಕೂರೋದು 2 ಗಂಟೆ ಕಾದ್ಮೇಲೆ. ಅಲ್ಲೀವರ್ಗೂ ಅವ್ರೆಲ್ಲ ಎಲ್ಲಿ ನಿಲ್ಬೇಕು? ಹೊರಗೆ ಇದ್ದಿದ್ ಚೂರು ಜಾಗನೂ ಐಸ್‌ಕ್ರೀಮ್, ಬೀಡಾಗೆ ಹೋಯ್ತು, ಅದಕ್ಕೇ ಪಾಯಸ ತಿಂತಿರೋರ ಕುರ್ಚಿ ಹಿಂದೆ ಬಂದು ನಿಲ್ಲೋದು, ಜನಾನ ಬೈದು ಏನ್ ಪ್ರಯೋಜನ. ಇನ್ನು ಕೈ ತೊಳ್ಯೋ ಜಾಗ ಸರಿಯಾಗಿ ಬಾಗಿಲ ಪಕ್ಕಾನೇ, ಉಂಡೋರು ಹೊರಗೆ, ಹಸಿದೋರು ಒಳಗೆ, ನಡುವೆ ಬಿಸಿ ಸಾರಿನ ಬಕೆಟ್ ಹಿಡ್ಕೊಂಡು ಬಡಿಸೋರು ‘ಸೈಡು ಸೈಡು’ ಅಂತ. ಆಚೆ ತುದೀಲಿ ಇನ್ನೊಂದು ಮೆಟ್ಲು, ಅಲ್ಲೇ ನಲ್ಲಿ ಸಾಲು, ಅಡುಗೆಮನೆಗೆ ಬೇರೆ ಬಾಗಿಲು, ಇಷ್ಟೇ ಸ್ವಾಮಿ ಕೇಳ್ತಿರೋದು.