ಗೆರೆ ದಾಟದ ಮೂವರು

ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುತ್ತಾರೆ ಅಂತ ಟಿವಿ ಚರ್ಚೆಯಲ್ಲಿ ಕೂತವರು ಆಗಾಗ ಗೋಳಾಡುತ್ತಾರೆ. ಅಂಥವರನ್ನು ಒಂದು ದಿನ ತುಮಕೂರಿಗೆ ಕರೆತರಬೇಕು. ಇಲ್ಲಿ ಮೂವರೂ ತಮ್ಮ ತಮ್ಮ ಗೆರೆಯೊಳಗೇ ಭದ್ರವಾಗಿ ನಿಂತಿದ್ದಾರೆ. ಎಷ್ಟು ಭದ್ರ ಎಂದರೆ, 2021ರಲ್ಲಿ ಅವಧಿ ಮುಗಿದ ಜಿಲ್ಲಾ ಪಂಚಾಯಿತಿಗೆ 2025 ಬಂದರೂ ಚುನಾವಣೆ ಇಲ್ಲ. ಕೋಲಾರದಲ್ಲೂ ಇಲ್ಲ, ಚಿಕ್ಕಬಳ್ಳಾಪುರದಲ್ಲೂ ಇಲ್ಲ, ರಾಜ್ಯದಲ್ಲಿ ಎಲ್ಲೂ ಇಲ್ಲ. ತಾಲ್ಲೂಕು ಪಂಚಾಯಿತಿಗಳದ್ದೂ ಇದೇ ಕಥೆ.

ಕೊನೆಯ ಸಲ ವೋಟು ಹಾಕಿದ್ದು 2016ರ ಫೆಬ್ರುವರಿಯಲ್ಲಿ. ನಮ್ಮ ಹತ್ತು ತಾಲ್ಲೂಕುಗಳಿಂದ ಸದಸ್ಯರು ಆರಿಸಿ ಬಂದರು, ಜಗಳವಾಡಿದರು, ಸಭೆಯಿಂದ ಎದ್ದು ಹೋದರು, ಮತ್ತೆ ಬಂದು ಕೂತರು. ಐದು ವರ್ಷ ಆಯಿತು. ಸಂವಿಧಾನದ 243ಇ ವಿಧಿ ಈ ವಿಷಯದಲ್ಲಿ ತುಂಬಾ ಖಡಕ್. ಮೊದಲ ಸಭೆಯ ದಿನದಿಂದ ಐದು ವರ್ಷ, ಅದಕ್ಕಿಂತ ಒಂದು ದಿನವೂ ಜಾಸ್ತಿ ಇಲ್ಲ. ವಿಧಾನಸಭೆಗಾದರೆ ತುರ್ತು ಪರಿಸ್ಥಿತಿ ಬಂದಾಗ ಅವಧಿ ಎಳೆಯಲು ದಾರಿ ಇದೆ. ಪಂಚಾಯಿತಿಗೆ ಅದೂ ಇಲ್ಲ. ಅದೇ ವಿಧಿ ಇನ್ನೊಂದು ಮಾತನ್ನೂ ಹೇಳುತ್ತದೆ: ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು.

ನಮ್ಮ ಸರ್ಕಾರಕ್ಕೆ ಸಂವಿಧಾನ ಎಂದರೆ ಪ್ರಾಣ. ಮೊದಲ ಮಾತನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿ, ಐದು ವರ್ಷ ಆದ ಕೂಡಲೇ ಸದಸ್ಯರನ್ನು ಮನೆಗೆ ಕಳಿಸಿತು. ಎರಡನೆಯ ಮಾತು ಬರುವಷ್ಟರಲ್ಲಿ ಸುಸ್ತಾಗಿತ್ತೇನೋ.

ಹಾಗಂತ ಯಾರೂ ಸುಮ್ನೆ ಕೂತಿರಲಿಲ್ಲ. 2021ರಲ್ಲಿ ರಾಜ್ಯ ಚುನಾವಣಾ ಆಯೋಗ ಕ್ಷೇತ್ರಗಳ ಗಡಿ ಬರೆದು, ಮೀಸಲಾತಿಯ ಕರಡು ಪಟ್ಟಿಯನ್ನೂ ಹೊರಡಿಸಿತ್ತು. ಆಗ ಶಾಸಕಾಂಗಕ್ಕೆ ತನ್ನ ಕರ್ತವ್ಯ ನೆನಪಾಯಿತು. ಚುನಾವಣೆ ನಡೆಸುವುದು ಮತ್ತು ಮತದಾರರ ಪಟ್ಟಿ ಮಾಡುವುದು ಆಯೋಗದ ಕೆಲಸ ಎಂದು ಸಂವಿಧಾನವೇ ಹೇಳಿದೆ. ಅದನ್ನು ಯಾರೂ ಮುಟ್ಟುವಂತಿಲ್ಲ. ಆದರೆ ಕ್ಷೇತ್ರದ ಗಡಿ ಯಾರು ಬರೆಯಬೇಕು, ಮೀಸಲಾತಿಯನ್ನು ಹೇಗೆ ತಿರುಗಿಸಬೇಕು ಎನ್ನುವುದನ್ನು ರಾಜ್ಯದ ಕಾನೂನಿಗೆ ಬಿಟ್ಟಿದೆ. ಆ ಕಿಟಕಿ ತೆರೆದಿತ್ತು. ಅದೇ ವರ್ಷ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು, ಗಡಿ ಬರೆಯುವ ಪೆನ್ನನ್ನು ಆಯೋಗದ ಕೈಯಿಂದ ತೆಗೆದು ಹೊಸದೊಂದು ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟರು. ಚುನಾವಣೆ ನಡೆಸುವ ಅಧಿಕಾರ ಹಾಗೇ ಇತ್ತು. ಯಾವ ಕ್ಷೇತ್ರಕ್ಕೆ ನಡೆಸಬೇಕು ಎನ್ನುವುದಷ್ಟೇ ಗೊತ್ತಿರಲಿಲ್ಲ. ಬೀಗದ ಕೈ ನಿಮ್ಮದೇ, ಬಾಗಿಲನ್ನು ಮಾತ್ರ ನಾವು ಒಯ್ದಿದ್ದೇವೆ ಎಂದ ಹಾಗೆ.

ಶಾಸಕಾಂಗ ಗೆರೆ ದಾಟಿತಾ? ಇಲ್ಲ. ಕಾನೂನು ಮಾಡುವುದು ಅದರ ಕೆಲಸ, ಮಾಡಿತು.

ಇಲ್ಲಿ ಒಂದು ಅಡ್ಡ ಮಾತು. ಅದೇ ವರ್ಷ ಡಿಸೆಂಬರ್‌ನಲ್ಲಿ ಸ್ಥಳೀಯ ಸಂಸ್ಥೆಗಳಿಂದ ವಿಧಾನ ಪರಿಷತ್ತಿಗೆ 25 ಸ್ಥಾನಗಳ ಚುನಾವಣೆ ನಡೆಯಿತು. ತುಮಕೂರು ಕ್ಷೇತ್ರವೂ ಅದರಲ್ಲಿತ್ತು. ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರು ಇರಲೇ ಇಲ್ಲವಲ್ಲ, ಅವರ ವೋಟಿಲ್ಲದೇ ಅದು ಮುಗಿಯಿತು. ಆ ಚುನಾವಣೆಗೆ ಯಾವ ಗಡಿಯೂ ಅಡ್ಡ ಬರಲಿಲ್ಲ. 2023ರ ಮೇನಲ್ಲಿ ವಿಧಾನಸಭೆಗೂ ಸರಿಯಾದ ಸಮಯಕ್ಕೆ ಚುನಾವಣೆ ಆಯಿತು. ಅಲ್ಲಿನ ಗಡಿಗಳು 2008ರವು, 2001ರ ಜನಗಣತಿಯ ಮೇಲೆ ಬರೆದವು. ಶಾಸಕರು ಆರಿಸಿ ಬರಬೇಕಾದರೆ ಹಳೇ ಗಡಿ ನಡೆಯುತ್ತದೆ. ಜಿಲ್ಲಾ ಪಂಚಾಯಿತಿ ಸದಸ್ಯ ಬರಬೇಕಾದರೆ ಮಾತ್ರ ಪ್ರತಿ ಹಳ್ಳಿಯನ್ನೂ ಹೊಸದಾಗಿ ಅಳೆಯಬೇಕು.

ಇನ್ನು ಕಾರ್ಯಾಂಗ. ಅದಕ್ಕೆ ವಹಿಸಿದ್ದು ಒಂದೇ ಸಾಲು, ‘ಇನ್ನಷ್ಟು ಸಮಯ ಕೊಡಿ ಸ್ವಾಮಿ.’ ಗಡಿ ಮುಗಿದರೆ ಮೀಸಲಾತಿ ಬಾಕಿ. ಮೀಸಲಾತಿ ಶುರುವಾದರೆ ಹಿಂದುಳಿದ ವರ್ಗಗಳ ಲೆಕ್ಕ ಬಾಕಿ. ನಡುವೆ ಒಂದು ಪಕ್ಷದ ಸರ್ಕಾರ ಹೋಗಿ ಇನ್ನೊಂದು ಪಕ್ಷದ್ದು ಬಂತು. ಆ ಸಾಲು ಹಾಗೇ ಉಳಿಯಿತು. ಎರಡೂ ಪಕ್ಷಗಳು ಇಷ್ಟು ಒಮ್ಮತದಿಂದ ನಡೆಸಿಕೊಂಡು ಬಂದ ಯೋಜನೆ ಇನ್ನೊಂದಿದ್ದರೆ ಹೇಳಿ.

ನ್ಯಾಯಾಂಗದ ಸಂಕಟ ಬೇರೆ. ಕ್ಷೇತ್ರ ವಿಂಗಡಣೆ ನೆಪವಾಗಬಾರದು ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಅಹಮದಾಬಾದ್ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ ಹೇಳಿತ್ತು. ಸರ್ಕಾರ ಸಹಕರಿಸದಿದ್ದರೆ ಚುನಾವಣಾ ಆಯೋಗ ಹೈಕೋರ್ಟಿಗೆ ಹೋಗಲಿ ಅಂತಲೂ ಹೇಳಿತ್ತು. 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಇನ್ನೂ ನೇರವಾಗಿ, ಹೊಸ ಗಡಿಗೆ ಕಾಯಬೇಡಿ, ಇರುವ ಗಡಿಯಲ್ಲೇ ನಡೆಸಿ ಎಂದಿತು. ನಮ್ಮ ಆಯೋಗವೂ ಹೈಕೋರ್ಟಿಗೆ ಹೋಯಿತು. ಆದರೆ ಕೋರ್ಟು ತಾನೇ ಕೂತು ಸಿರಾ ಎಲ್ಲಿ ಮುಗಿಯಿತು, ಪಾವಗಡ ಎಲ್ಲಿ ಶುರುವಾಯಿತು ಅಂತ ಬರೆಯಲು ಆಗುವುದಿಲ್ಲ. ಹಾಗೆ ಮಾಡಿದರೆ ಗೆರೆ ದಾಟಿದ ಹಾಗೆ. ಅದಕ್ಕೇ ಕೇಳಿತು, ಗದರಿತು, ಮತ್ತೆ ಸಮಯ ಕೊಟ್ಟಿತು. ಕೊನೆಗೆ 2022ರ ಡಿಸೆಂಬರ್‌ನಲ್ಲಿ ವಿಳಂಬ ಮಾಡಿದ್ದಕ್ಕೆ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು.

ಈ ದಂಡದ ದಾರಿಯನ್ನು ಸ್ವಲ್ಪ ನೋಡಿ. ಕೋರ್ಟು ದಂಡ ಹಾಕಿದ್ದು ಸರ್ಕಾರಕ್ಕೆ. ಸರ್ಕಾರದ ದುಡ್ಡು ಎಂದರೆ ಖಜಾನೆ. ಖಜಾನೆಯಲ್ಲಿರುವುದು ತುರುವೇಕೆರೆಯ ತೆಂಗಿನ ಬೆಳೆಗಾರ ಸೋಪಿಗೂ ಡೀಸೆಲ್ಲಿಗೂ ಕಟ್ಟಿದ ತೆರಿಗೆ. ಅಂದರೆ ವೋಟು ಹಾಕಲು ಸಿಗಲಿಲ್ಲ ಎಂಬ ತಪ್ಪಿಗೆ ದಂಡ ತೆರುವವನು, ವೋಟು ಸಿಗದವನೇ. ಸಮಯ ಕೇಳಿದ ಯಾವ ಅಧಿಕಾರಿಯ ಸಂಬಳದಿಂದಲೂ, ಯಾವ ಮಂತ್ರಿಯ ಭತ್ಯೆಯಿಂದಲೂ ಕಡಿತವಾಗಬೇಕೆಂದಿಲ್ಲ. ಇಂಥ ದಂಡಕ್ಕೆ ಯಾರು ತಾನೇ ಹೆದರುತ್ತಾರೆ?

ಅಷ್ಟರಲ್ಲಿ ಜಿಲ್ಲೆಯೊಳಗೆ ಒಂದು ಸಣ್ಣ ಅದ್ಭುತ ನಡೆದಿದೆ. ಮೊದಲು ಸಿಇಒ ಕ್ರಿಯಾ ಯೋಜನೆ ತಂದರೆ, ಆರಿಸಿ ಬಂದ ಸದಸ್ಯರು ಸಾಮಾನ್ಯ ಸಭೆಯಲ್ಲಿ ‘ನಮ್ಮೂರ ಕೊಳವೆಬಾವಿ ಎಲ್ಲಿ ಸಾರ್, ಮೋಟಾರು ಬಂದಿದೆಯಾ’ ಅಂತ ಎದ್ದು ನಿಲ್ಲುತ್ತಿದ್ದರು. ಸ್ಥಾಯಿ ಸಮಿತಿಗಳಲ್ಲಿ ಕಡತ ತೆಗೆಸಿ ನೋಡುತ್ತಿದ್ದರು. ಈಗ ಅಧ್ಯಕ್ಷರ ಜಾಗದಲ್ಲಿ ಆಡಳಿತಾಧಿಕಾರಿ. ಅಧಿಕಾರಿ ಯೋಜನೆ ಮಂಡಿಸುತ್ತಾರೆ, ಇನ್ನೊಬ್ಬ ಅಧಿಕಾರಿ ಒಪ್ಪುತ್ತಾರೆ. ವಿರೋಧ ಇಲ್ಲ, ಗದ್ದಲ ಇಲ್ಲ, ಕೋರಂ ಚಿಂತೆಯಂತೂ ಇಲ್ಲವೇ ಇಲ್ಲ. ಶಾಸಕರಿಗೂ ಇದು ಹಿತವೇ. ಅನುದಾನ ಯಾರ ಹಳ್ಳಿಗೆ ಎಂದು ಅವರ ಜೊತೆ ಪೈಪೋಟಿ ಮಾಡುವವರು ತಾಲ್ಲೂಕಿನಲ್ಲೇ ಇಲ್ಲ. ಚುನಾವಣೆ ತಡವಾದಷ್ಟು ಕಷ್ಟ ಪಡುವವರು ಯಾರು ಅಂತ ಹುಡುಕಿದರೆ, ತಡ ಮಾಡುವ ಅಧಿಕಾರ ಇರುವವರಲ್ಲಿ ಒಬ್ಬರೂ ಸಿಗುವುದಿಲ್ಲ.

ಕಷ್ಟ ಪಡುತ್ತಿರುವವರು ಗುಬ್ಬಿ ಕಡೆಯ ನಮ್ಮ ಪರಿಚಯದ ಆಕಾಂಕ್ಷಿಯೊಬ್ಬರು. 2021ರಿಂದ ಅವರು ‘ಭಾವಿ ಜಿಲ್ಲಾ ಪಂಚಾಯಿತಿ ಸದಸ್ಯರು’. ಊರ ಜಾತ್ರೆಗೆ ಮಜ್ಜಿಗೆ ಕೊಟ್ಟಿದ್ದಾರೆ, ಗಣೇಶನಿಗೆ ಪೆಂಡಾಲ್ ಹಾಕಿಸಿದ್ದಾರೆ, ಕಬಡ್ಡಿ ಪಂದ್ಯಕ್ಕೆ ಕಪ್ಪು ಕೊಟ್ಟಿದ್ದಾರೆ. ಎಲ್ಲಾ ಫ್ಲೆಕ್ಸಿನಲ್ಲೂ ಕೈ ಮುಗಿದ ಅದೇ ಫೋಟೊ. ತಲೆಗೂದಲು ಮಾತ್ರ ಫೋಟೊದಲ್ಲಿ ಕಪ್ಪಾಗೇ ಉಳಿದಿದೆ.

ಮೊನ್ನೆ ಸಿಕ್ಕಾಗ ಕೇಳಿದೆ, “ಏನಣ್ಣ, ಈ ಸಲನಾದ್ರೂ ಆಗುತ್ತಾ?”

“ಆಗ್ಲಿ ಬಿಡಿ ಸಾರ್, ನಿಧಾನಕ್ಕೆ” ಅಂದರು. “ಮೊದಲ ಕರಡಲ್ಲಿ ಸೀಟು ಮಹಿಳೆಗೆ ಹೋಗಿತ್ತು. ನಮ್ಮನೆಯವಳು ಒಲ್ಲೆ ಅಂದ್ಲು. ಆಗ ಮಗಳಿಗೆ ಹದಿನೇಳು. ಈಗ ಇಪ್ಪತ್ತೊಂದು ತುಂಬ್ತು, ನಾಮಪತ್ರಕ್ಕೆ ಅಷ್ಟು ಸಾಕು. ಇನ್ನೂ ನಾಲ್ಕು ವರ್ಷ ಎಳೆದ್ರೆ ಮಗನಿಗೂ ವಯಸ್ಸಾಗುತ್ತೆ. ಆಮೇಲೆ ಮೀಸಲಾತಿ ಗಂಡಿಗೆ ಬರ್ಲಿ, ಹೆಣ್ಣಿಗೆ ಬರ್ಲಿ, ನಮ್ಮನೇಲಿ ಕ್ಯಾಂಡಿಡೇಟ್ ರೆಡಿ.”