ಮದುವೆ ನಮ್ಮದು, ಫೋಟೋ ಯಾರದು?

ಮದುವೆಮನೆಯಲ್ಲಿ ಹಾಡು ಹಾಕಿದರೆ ಲೈಸೆನ್ಸ್ ಬೇಕಂತೆ ಎಂಬ ಸುದ್ದಿ ಪ್ರತಿ ವೈಶಾಖದಲ್ಲೂ ಹಪ್ಪಳ ಸಂಡಿಗೆಯ ಜೊತೆಗೇ ಹೊರಗೆ ಬರುತ್ತದೆ. ತಂಗಿಯ ಮಗಳ ಮದುವೆಗೂ ಬಂತು. "ರಾಯಲ್ಟಿ ರಸೀದಿ ತೋರಿಸಿ, ಇಲ್ಲವಾದರೆ ಸ್ಪೀಕರ್ ಬಂದ್" ಎಂದರು ಛತ್ರದ ಮ್ಯಾನೇಜರು. ನಾಗಸ್ವರದವರು ತ್ಯಾಗರಾಜರ ಕೃತಿ ಎತ್ತಿಕೊಂಡಾಗಲೂ ಅವರ ಹುಬ್ಬು ಗಂಟಿಕ್ಕಿತ್ತು. ತ್ಯಾಗರಾಜರು ತೀರಿಕೊಂಡದ್ದು 1847ರಲ್ಲಿ. ಕರ್ತೃ ಕಾಲವಾಗಿ 60 ವರ್ಷ ಕಳೆದರೆ ಕೃತಿ ಎಲ್ಲರದು. ಆದರೂ ಪಾಪ, ತಿರುವೈಯಾರಿನಿಂದ ಯಾರಾದರೂ ವಸೂಲಿಗೆ ಬಂದುಬಿಟ್ಟರೆ?

ಸಿನಿಮಾ ಹಾಡಿಗೂ ಈ ರಸೀದಿ ಬೇಕಿಲ್ಲ. ಮದುವೆಯ ಮೆರವಣಿಗೆಯಲ್ಲಿ, ಮದುವೆಗೆ ಸಂಬಂಧಿಸಿದ ಸಂಭ್ರಮದಲ್ಲಿ ಹಾಡು ನುಡಿಸುವುದು ಉಲ್ಲಂಘನೆಯಲ್ಲ ಎಂದು ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನೇ ಹೇಳುತ್ತದೆ. ಕೇಂದ್ರ ಸರ್ಕಾರ 2023ರ ಜುಲೈಯಲ್ಲಿ ಪ್ರಕಟಣೆ ಹೊರಡಿಸಿ ಅದನ್ನೇ ಮತ್ತೊಮ್ಮೆ ಹೇಳಿತು. ಓದುವವರು ಯಾರು?

ನಮ್ಮ ಭಾವನವರು ಮಾತ್ರ ಓದಿದರು, ಅರ್ಧ. ಮದುವೆಯ ವಿಡಿಯೋಗೆ ಇಡೀ ಸಿನಿಮಾ ಹಾಡು ಅಂಟಿಸಿ ಯೂಟ್ಯೂಬಿಗೆ ಏರಿಸಿ, ಕೆಳಗೆ "ಹಾಡಿನ ಹಕ್ಕು ಮೂಲ ಮಾಲೀಕರದು, ಇದು ನ್ಯಾಯಸಮ್ಮತ ಬಳಕೆ" ಎಂದು ಬರೆದರು. ಪಕ್ಕದ ಮನೆಯ ಹಲಸಿನ ಹಣ್ಣು ಕೊಯ್ದು, "ಮರ ಅವರದು" ಎಂದು ಬೋರ್ಡು ಹಾಕಿದ ಹಾಗೆ. ವಿನಾಯಿತಿ ಇರುವುದು ಛತ್ರದಲ್ಲಿ ನುಡಿಸುವುದಕ್ಕೆ. ನ್ಯಾಯಸಮ್ಮತ ಬಳಕೆ ಎಂದರೆ ಸ್ವಂತ ಓದು, ಸಂಶೋಧನೆ, ವಿಮರ್ಶೆ, ವರದಿ. ಮಾಂಗಲ್ಯಧಾರಣೆ ಯಾವ ವಿಮರ್ಶೆ?

ಅಷ್ಟರಲ್ಲಿ ಫೋಟೋಗ್ರಾಫರ್ ಎದ್ದು ನಿಂತರು. "ಫೋಟೋ ನನ್ನದು, ಮೂಲ ಫೈಲು ಕೊಡುವುದಿಲ್ಲ." ಅಲ್ಲ ಸ್ವಾಮಿ. ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಮಾಲೀಕರು. ಇದು 17ನೇ ಸೆಕ್ಷನ್. ಹಾಗೆಂದು ಭಾವನವರು ಗೆದ್ದರೆಂದಲ್ಲ. ಅವರು ಮೂಲೆಯಲ್ಲಿದ್ದ ಹೆಸರನ್ನು ಕತ್ತರಿಸಿ, ಮದುಮಗಳ ಮುಖಕ್ಕೆ ಅರಿಸಿನದ ಮೇಲೊಂದು ಹಸಿರು ಫಿಲ್ಟರ್ ಬಳಿದು, "ನಾನೇ ತೆಗೆದದ್ದು" ಎಂದು ಊರಿಗೆಲ್ಲ ಹಂಚಿದ್ದರು. ಮಾಲೀಕತ್ವ ಕೈಬಿಟ್ಟರೂ ಕೃತಿ ತನ್ನದೆಂದು ಹೇಳಿಕೊಳ್ಳುವ, ತನ್ನ ಮರ್ಯಾದೆ ಕಳೆಯುವಂತೆ ಅದನ್ನು ವಿರೂಪಗೊಳಿಸಿದರೆ ಪ್ರಶ್ನಿಸುವ ಹಕ್ಕು ಕರ್ತೃವಿನ ಬಳಿಯೇ ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು ಸರ್ಕಾರವೇ ಕಿತ್ತು ಹಾಳುಗೆಡವಿತ್ತು. ಶಿಲ್ಪ ಸರ್ಕಾರದ್ದೇ ಆಗಿತ್ತು. ಆದರೂ 2005ರಲ್ಲಿ ದೆಹಲಿ ಹೈಕೋರ್ಟು ಉಳಿದ ಚೂರುಗಳನ್ನು ಶಿಲ್ಪಿಗೆ ಮರಳಿಸಿ ಐದು ಲಕ್ಷ ರೂಪಾಯಿ ಕೊಡಿ ಎಂದಿತು. ಆ ಶಿಲ್ಪ ಕಿತ್ತದ್ದು 1979ರಲ್ಲಿ. ಒಬ್ಬ ಕಲಾವಿದ ತನ್ನ ಕೆಲಸದ ಚೂರುಗಳಿಗಾಗಿ ಇಷ್ಟು ವರ್ಷ ಕಾಯಬೇಕಾಯಿತು. ಇದರಲ್ಲಿ ನಗುವಂಥದ್ದು ನನಗೇನೂ ಕಾಣುತ್ತಿಲ್ಲ.

ಫೋಟೋಗ್ರಾಫರ್ ಪರ ನಾನೇ ವಾದಿಸಿದೆ. ಅವರ ಕಣ್ಣು ತುಂಬಿ ಬಂತು. ಎಡಿಟಿಂಗ್ ಸಾಫ್ಟ್‌ವೇರ್ ಎಲ್ಲಿಯದು ಎಂದು ಸುಮ್ಮನೆ ಕೇಳಿದೆ. "ಗೆಳೆಯ ಪೆನ್‌ಡ್ರೈವಿನಲ್ಲಿ ಕೊಟ್ಟ, ಬ್ಯಾಕಪ್ ಕಾಪಿ ಸಾರ್, ಅದಕ್ಕೆ ಕಾನೂನಿನಲ್ಲೇ ಅವಕಾಶ ಇದೆ." ಇದೆ, ಸಾಫ್ಟ್‌ವೇರನ್ನು ನ್ಯಾಯವಾಗಿ ಪಡೆದವನಿಗೆ, ಹಾಳಾದರೆ ಇರಲಿ ಎಂದು ಇಟ್ಟುಕೊಳ್ಳಲು. ಗೆಳೆಯನ ಗೆಳೆಯನಿಗಲ್ಲ.

ಕೊನೆಗೆ ವಿಡಿಯೋ ಬಂತು. ಗಟ್ಟಿಮೇಳ, ಅಕ್ಷತೆ, ತಾಳಿ ಕಟ್ಟುವ ಕೈ. ಅದರ ಮೇಲೆ ಅಡ್ಡಲಾಗಿ ದಪ್ಪಕ್ಷರದಲ್ಲಿ, "ಟ್ರಯಲ್ ವರ್ಷನ್".